ಔಟ್‌ಡೋರ್ ಯೂನಿಟ್ ಪದೇ ಪದೇ ನಿಲ್ಲುತ್ತಿತ್ತು: ರಾಯಚೂರಿನ ಒಂದು ಪ್ರಕರಣ

ದೂರು ಇಷ್ಟು. ಬೆಳಿಗ್ಗೆ ಎಸಿ ಚೆನ್ನಾಗಿ ನಡೆಯುತ್ತದೆ. ಸಂಜೆ ಏಳರ ನಂತರ ಹಾಕಿದರೆ ಇಪ್ಪತ್ತು ನಿಮಿಷ ತಣ್ಣಗೆ ಬರುತ್ತದೆ, ಆಮೇಲೆ ಬರೀ ಗಾಳಿ. ಹೊರಗೆ ಹೋಗಿ ನೋಡಿದರೆ ಔಟ್‌ಡೋರ್ ಯೂನಿಟ್ಟಿನ ಫ್ಯಾನ್ ತಿರುಗುತ್ತಿರುತ್ತದೆ, ಕಂಪ್ರೆಸರ್ ನಿಂತಿರುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ 'ಗುಂಯ್' ಎಂದು ಏಳೆಂಟು ಸೆಕೆಂಡು ನರಳಿ, 'ಟಕ್' ಎಂದು ಸುಮ್ಮನಾಗುತ್ತದೆ. ಒಮ್ಮೊಮ್ಮೆ ಶುರುವಾಗಿಯೂ ಬಿಡುತ್ತದೆ. ರಾತ್ರಿ ಹನ್ನೊಂದರ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಮನೆ ರಾಯಚೂರಿನ ಹೊರವಲಯದ ಬಡಾವಣೆಯೊಂದರಲ್ಲಿದೆ, ನಿವೃತ್ತ ಮಾಸ್ತರರದ್ದು. ಯಂತ್ರ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ. ಇನ್ವರ್ಟರ್ ಅಲ್ಲ, ಒಂದೇ ವೇಗದ ರೋಟರಿ ಕಂಪ್ರೆಸರ್. ಗ್ಯಾಸ್ ಆರ್-32. ಪಟ್ಟಿಯ ಮೇಲೆ 230 ವೋಲ್ಟ್, 7.4 ಆಂಪ್ ಎಂದು ಬರೆದಿತ್ತು. ಸ್ಟೆಬಿಲೈಜರ್ ಇರಲಿಲ್ಲ. ಅದುವರೆಗೆ ಬಂದವರಲ್ಲಿ ಒಬ್ಬರು ಕಂಪ್ರೆಸರ್ ಬದಲಿಸಬೇಕು ಎಂದಿದ್ದರು. ಇನ್ನೊಬ್ಬರು ಗ್ಯಾಸ್ ಕಡಿಮೆ ಎಂದಿದ್ದರು. ಅಂಗಡಿಯವರು ಸ್ಟೆಬಿಲೈಜರ್ ಹಾಕಿಸಿ, ಎಲ್ಲ ಸರಿಹೋಗುತ್ತೆ ಎಂದಿದ್ದರು.

"ಕಂಪ್ರೆಸರ್ ಹೋಗ್ಯಾದ ಅಂದ್ರು ಆ ಹುಡುಗ್ರು. ನೀವೇನಂತೀರಿ?" ಎಂದು ಮಾಸ್ತರರು ಕೇಳಿದರು.

"ಈಗೇನೂ ಅನ್ನಲ್ರೀ ಮಾಸ್ತರ. ಸಂಜಿ ಆಗ್ಲಿ, ಅದು ನಿಂತಾಗ ನೋಡೋಣ" ಎಂದೆ.

ಇಂಥ ದೂರಿಗೆ ಬೆಳಿಗ್ಗೆ ಹೋಗಿ ಅಳತೆ ಮಾಡಿದರೆ ಪ್ರಯೋಜನ ಕಡಿಮೆ. ಬೆಳಿಗ್ಗೆ ಎಲ್ಲವೂ ಸರಿಯಾಗೇ ಇರುತ್ತದೆ. ಯಾವ ಹೊತ್ತಿನಲ್ಲಿ ಕೆಡುತ್ತದೋ ಆ ಹೊತ್ತಿಗೇ ಮೀಟರ್ ಹಿಡಿಯಬೇಕು.

ನಿಲ್ಲಿಸಿದ್ದು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಫ್ಯಾನ್, ಕಂಪ್ರೆಸರ್ ಎರಡೂ ಒಟ್ಟಿಗೆ ನಿಂತರೆ ಕರೆಂಟೇ ಹೊರಗೆ ಬರುತ್ತಿಲ್ಲ ಎಂದರ್ಥ. ಒಳಗಿನ ಬೋರ್ಡು ರಿಲೇ ಬಿಟ್ಟಿರಬಹುದು, ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಕೋಣೆ ತಣ್ಣಗಾಗಿ ಅದು ಸಹಜವಾಗಿಯೇ ನಿಂತಿರಬಹುದು. ಸ್ಟೆಬಿಲೈಜರ್ ಕಟ್ ಮಾಡಿದ್ದರೆ ಒಳಗಿನ ಯೂನಿಟ್ಟೂ ಆರಿಹೋಗುತ್ತದೆ. ಇಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ಈ ಯಂತ್ರದಲ್ಲಿ ಎರಡಕ್ಕೂ ಒಂದೇ ಲೈನ್. ಹಾಗಾಗಿ ಕರೆಂಟ್ ಇದೆ, ಕಂಪ್ರೆಸರನ್ನು ಅದರ ಸ್ವಂತ ಕಾವಲುಗಾರನೇ ನಿಲ್ಲಿಸಿದ್ದಾನೆ.

ಆ ಕಾವಲುಗಾರನಿಗೆ ಓಎಲ್‌ಪಿ ಎನ್ನುತ್ತೇವೆ, ಓವರ್‌ಲೋಡ್ ಪ್ರೊಟೆಕ್ಟರ್. ಕಂಪ್ರೆಸರ್ ತಲೆಯ ಕಪ್ಪು ಮುಚ್ಚಳದ ಕೆಳಗೆ ನಾಣ್ಯದ ಗಾತ್ರದ ಒಂದು ಬಿಲ್ಲೆ. ಎರಡು ಲೋಹ ಬೆಸೆದ ತಗಡು ಬಿಸಿಯಾದಾಗ ಚಿಮ್ಮಿ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಅದಕ್ಕೆ ಬಿಸಿ ಎರಡು ಕಡೆಯಿಂದ ಬರುತ್ತದೆ. ತನ್ನೊಳಗೆ ಹರಿಯುವ ಕರೆಂಟಿನಿಂದ ಒಂದು, ಕಂಪ್ರೆಸರ್ ಮೈಯಿಂದ ಇನ್ನೊಂದು. ಹಾಗಾಗಿ 'ಓವರ್‌ಲೋಡ್ ಟ್ರಿಪ್ ಆಗ್ತಿದೆ' ಎನ್ನುವುದು ಕಾರಣವೇ ಅಲ್ಲ. ಜಾಸ್ತಿ ಕರೆಂಟ್ ಹರಿದಿದೆ ಅಥವಾ ಕಂಪ್ರೆಸರ್ ಮೈ ಕಾದಿದೆ ಎಂಬುದಕ್ಕೆ ಅದು ಸಾಕ್ಷಿ ಅಷ್ಟೇ. ಈ ಬಿಲ್ಲೆಯನ್ನೇ ಬದಲಿಸಿ, ಅಥವಾ ಅದನ್ನು ಬಿಟ್ಟು ನೇರವಾಗಿ ವೈರ್ ಕೊಟ್ಟು ಹೋದವರನ್ನೂ ನೋಡಿದ್ದೇನೆ. ಆಮೇಲೆ ಸುಟ್ಟದ್ದು ಕಂಪ್ರೆಸರ್ ವೈಂಡಿಂಗ್.

ಓಎಲ್‌ಪಿ ಎರಡು ರೀತಿ ಬಿಡುತ್ತದೆ. ಶುರುವಾಗಲು ಹೋಗಿ, ನರಳಿ, ಕೆಲವೇ ಸೆಕೆಂಡಿನಲ್ಲಿ ಬಿಟ್ಟರೆ ತೊಂದರೆ ಸ್ಟಾರ್ಟಿಂಗಿನದು. ಕೆಪಾಸಿಟರ್ ದುರ್ಬಲವಾಗಿದೆ, ವೋಲ್ಟೇಜ್ ಕುಸಿಯುತ್ತಿದೆ, ಅಥವಾ ಕಂಪ್ರೆಸರ್ ಒಳಗೇ ಬಿಗಿದುಕೊಂಡಿದೆ. ಚೆನ್ನಾಗಿ ಶುರುವಾಗಿ ಹತ್ತಿಪ್ಪತ್ತು ನಿಮಿಷ ನಡೆದು ಬಿಟ್ಟರೆ ತೊಂದರೆ ನಡೆಯುವಾಗಿನ ಹೊರೆಯದು. ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಕಾಯಿಲ್ ಧೂಳು ಹಿಡಿದಿದೆ, ಫ್ಯಾನ್ ನಿಧಾನವಾಗಿದೆ, ಗ್ಯಾಸ್ ಹೆಚ್ಚುಕಡಿಮೆ ಇದೆ, ವೋಲ್ಟೇಜ್ ಕಡಿಮೆ ಇದೆ.

ಮಾಸ್ತರರ ಯಂತ್ರದಲ್ಲಿ ಎರಡೂ ಇತ್ತು. ಮೊದಲ ಸಲ ಇಪ್ಪತ್ತು ನಿಮಿಷ ನಡೆದು ನಿಲ್ಲುತ್ತಿತ್ತು. ಆಮೇಲಿನವೆಲ್ಲ ನರಳಾಟ. ಇದು ವಿಚಿತ್ರವೇನಲ್ಲ. ಎಸಿ ಬೋರ್ಡಿನಲ್ಲಿ ಮೂರು ನಿಮಿಷದ ಕಾಯುವಿಕೆ ಇರುತ್ತದೆ. ಗ್ಯಾಸಿನ ಎರಡೂ ಬದಿಯ ಒತ್ತಡ ಸಮನಾಗಲಿ ಎಂದು. ಆದರೆ ಹೊರಗೆ ಓಎಲ್‌ಪಿ ಬಿಟ್ಟದ್ದು ಬೋರ್ಡಿಗೆ ಗೊತ್ತೇ ಆಗುವುದಿಲ್ಲ. ಬಿಲ್ಲೆ ತಣಿದ ಕೂಡಲೇ, ಒತ್ತಡ ಇಳಿದಿರಲಿ ಬಿಡಲಿ, ಬಿಸಿ ಕಂಪ್ರೆಸರಿಗೆ ಮತ್ತೆ ಕರೆಂಟ್ ಹೋಗುತ್ತದೆ. ಆಗ ಶುರುವಾಗಲು ಜಾಸ್ತಿ ಬಲ ಬೇಕು.

ಸಂಜೆಯ ಅಳತೆ

ಔಟ್‌ಡೋರ್ ಯೂನಿಟ್ಟಿನ ಟರ್ಮಿನಲ್ ಪಟ್ಟಿಯಲ್ಲಿ ಒಂದು ಮೀಟರ್, ಮನೆಯ ಮೇನ್ ಬೋರ್ಡಿನಲ್ಲಿ ಇನ್ನೊಂದು ಇಟ್ಟೆವು. ಕಂಪ್ರೆಸರಿನ ಮುಖ್ಯ ವೈರಿಗೆ ಕ್ಲಾಂಪ್ ಮೀಟರ್. ನಿಂತಿದ್ದಾಗ ಎರಡೂ ಕಡೆ 206 ವೋಲ್ಟ್ ತೋರಿತು. ಭಾರತದಲ್ಲಿ ಒಪ್ಪಿತ ಮಟ್ಟ 230 ವೋಲ್ಟ್, ಹತ್ತು ಶೇಕಡಾ ಆಚೀಚೆ. ಅಂದರೆ 207 ಕೆಳಗಿನ ಗಡಿ. ಗಡಿಗಿಂತ ಒಂದು ವೋಲ್ಟ್ ಕೆಳಗೇ ನಿಂತಿದ್ದೆವು.

ಕಂಪ್ರೆಸರ್ ನರಳುವಾಗ ಕರೆಂಟ್ 38 ಆಂಪ್‌ಗೆ ಏರಿತು. ಆ ಕ್ಷಣ ಮೇನ್ ಬೋರ್ಡಿನಲ್ಲಿ 188, ಔಟ್‌ಡೋರಿನಲ್ಲಿ 178 ವೋಲ್ಟ್. ಒಮ್ಮೆ ಹೇಗೋ ಶುರುವಾದಾಗ ನಡೆಯುವ ಕರೆಂಟ್ 9.5 ಆಂಪ್, ವೋಲ್ಟೇಜ್ 199.

ಇದರಲ್ಲಿ ಮುಖ್ಯವಾದದ್ದು ಕುಸಿತ. ಒಟ್ಟು 28 ವೋಲ್ಟ್ ಕುಸಿದಿದೆ. ಅದರಲ್ಲಿ 18 ಮನೆಯ ಹೊರಗೆ, ಬೀದಿಯ ಟ್ರಾನ್ಸ್‌ಫಾರ್ಮರ್ ಅಂದರೆ ಟಿಸಿಯಿಂದ ಮೀಟರಿನವರೆಗೆ. 10 ಮನೆಯೊಳಗೆ. ಒಳಗಿನ 10 ವೋಲ್ಟ್ ಹೆಚ್ಚೋ ಸಹಜವೋ? ಎಸಿ ಲೈನ್ 2.5 ಚದರ ಮಿಮೀ ತಾಮ್ರದ ವೈರು, ಉದ್ದ ಸುಮಾರು 18 ಮೀಟರ್. ಹೋಗಿ ಬರುವ ದಾರಿ 36 ಮೀಟರ್. ಈ ದಪ್ಪದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ಆದ್ದರಿಂದ 0.27 ಓಮ್ ಆಗುತ್ತದೆ. 38 ಆಂಪ್‌ಗೆ 10 ವೋಲ್ಟ್. ಲೆಕ್ಕ ಕೂಡಿತು. ಮನೆಯೊಳಗೆ ಸಡಿಲ ಜಾಯಿಂಟ್ ಇಲ್ಲ, ಪ್ಲಗ್ ಸುಟ್ಟಿಲ್ಲ ಎಂದು ಗೋಡೆ ಒಡೆಯದೇ ಗೊತ್ತಾಯಿತು.

ಇದೇ ಲೆಕ್ಕ ಬೇರೆ ಉತ್ತರ ಕೊಟ್ಟದ್ದೂ ಉಂಟು. ಪಕ್ಕದ ಬೀದಿಯ ಒಂದು ಮನೆಯಲ್ಲಿ ಇಂಥದ್ದೇ ನರಳಾಟ. ಕೆಪಾಸಿಟರ್ ಗಟ್ಟಿ ಇತ್ತು. ಸ್ಟಾರ್ಟಿಂಗಿನಲ್ಲಿ ಮೇನ್ ಬೋರ್ಡು 200 ತೋರಿದರೆ ಔಟ್‌ಡೋರ್ 165 ತೋರುತ್ತಿತ್ತು. 16 ಆಂಪ್ ಸಾಕೆಟ್ ಬಿಚ್ಚಿದರೆ ನ್ಯೂಟ್ರಲ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿತ್ತು. ಅಲ್ಲಿ ಲೋ ವೋಲ್ಟೇಜ್ ಊರಿನದಲ್ಲ, ಆ ಸಾಕೆಟ್ಟಿನದು. ಕಂಪ್ರೆಸರ್ ನಿಂತಾಗ ಮಾತ್ರ ಅಳೆದಿದ್ದರೆ ಅಲ್ಲಿಯೂ ವೋಲ್ಟೇಜ್ ಸರಿಯಾಗಿಯೇ ಕಾಣುತ್ತಿತ್ತು.

ಕೆಪಾಸಿಟರ್

ನಡೆಯುತ್ತಿರುವಾಗಲೇ ಕೆಪಾಸಿಟರನ್ನು ಅಳೆಯಬಹುದು. ಸ್ಟಾರ್ಟ್ ವೈಂಡಿಂಗಿಗೆ ಹೋಗುವ ವೈರಿನ ಕರೆಂಟ್ ನೋಡಿ, ಕೆಪಾಸಿಟರಿನ ಎರಡು ಕಾಲುಗಳ ನಡುವಿನ ವೋಲ್ಟೇಜ್ ನೋಡಿ. ನಮ್ಮ 50 ಹರ್ಟ್ಜ್ ಕರೆಂಟಿಗೆ ಸೂತ್ರ ಇದು:

C = I × 3183 ÷ V

ಇಲ್ಲಿ C ಮೈಕ್ರೋಫ್ಯಾರಡ್‌ನಲ್ಲಿ ಬರುತ್ತದೆ. ಕರೆಂಟ್ 3.3 ಆಂಪ್, ವೋಲ್ಟೇಜ್ 305. ಉತ್ತರ 34. ಡಬ್ಬಿಯ ಮೇಲೆ ಬರೆದದ್ದು 50, ಐದು ಶೇಕಡಾ ಆಚೀಚೆ. ಅಂದರೆ 47.5ಕ್ಕಿಂತ ಕೆಳಗೆ ಬಂದರೆ ಬದಲಿಸಬೇಕಾದ ಮಾಲು. ಇದು ಮೂರನೇ ಒಂದು ಭಾಗದಷ್ಟು ಸತ್ತಿತ್ತು. ಆಮೇಲೆ ಎಂಸಿಬಿ ಇಳಿಸಿ, ರೆಸಿಸ್ಟರ್ ಹಿಡಿದು ಕೆಪಾಸಿಟರಿನ ಚಾರ್ಜ್ ಇಳಿಸಿ, ಬಿಚ್ಚಿ ಮೀಟರಿಗೆ ಹಾಕಿದಾಗಲೂ ಅಷ್ಟೇ ಬಂತು. ಚಾರ್ಜ್ ಇಳಿಸದೆ ಕೈ ಹಾಕಬಾರದು. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡುವ ಚಾಳಿಯೂ ಒಳ್ಳೆಯದಲ್ಲ. ಕರೆಂಟ್ ಇರುವಾಗಿನ ಈ ಅಳತೆ ಮೆಕ್ಯಾನಿಕ್‌ಗಳ ಕೆಲಸ, ಮನೆಯವರು ಮಾಡುವಂಥದ್ದಲ್ಲ.

ಡಬ್ಬಿ ನೋಡಲು ಹೊಸದರಂತಿತ್ತು. ಉಬ್ಬಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಒಳಗಿರುವುದು ಲೋಹದ ತೆಳು ಲೇಪದ ಪ್ಲಾಸ್ಟಿಕ್ ಹಾಳೆ. ಎಲ್ಲಾದರೂ ಒಂದು ಚುಕ್ಕೆಯಲ್ಲಿ ಶಾರ್ಟ್ ಆದರೆ ಅಲ್ಲಿನ ಲೇಪ ಆವಿಯಾಗಿ ತಾನೇ ವಾಸಿಯಾಗುತ್ತದೆ. ಹಾಗೆ ವಾಸಿಯಾದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಅಳತೆ ಕಡಿಮೆಯಾಗುತ್ತ ಹೋಗುತ್ತದೆ. ಪಡುವಣ ಗೋಡೆಯ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕೂತರೆ ಇದು ಬೇಗ ನಡೆಯುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತೆ ಎಂದು ಕೆಪಾಸಿಟರನ್ನು ಪಾಸ್ ಮಾಡಬಾರದು.

ಹಾಗಾದರೆ ಬೆಳಿಗ್ಗೆ ಹೇಗೆ ಶುರುವಾಗುತ್ತಿತ್ತು? ಈ ಮೋಟರಿನಲ್ಲಿ ಎರಡು ವೈಂಡಿಂಗ್. ರನ್ ವೈಂಡಿಂಗ್ ಒಂದೇ ಇದ್ದರೆ ರೋಟರ್ ಅದುರುತ್ತದೆ, ತಿರುಗುವುದಿಲ್ಲ. ಆ ಗುಂಯ್ ಸದ್ದು ಅದೇ. ಸ್ಟಾರ್ಟ್ ವೈಂಡಿಂಗಿನ ಕರೆಂಟನ್ನು ಕೆಪಾಸಿಟರ್ ಸ್ವಲ್ಪ ಮುಂದಕ್ಕೆ ಸರಿಸಿ ಕೊಡುವುದರಿಂದ ತಿರುಗುವ ಬಲ ಹುಟ್ಟುತ್ತದೆ. ಕೆಪಾಸಿಟರ್ ಮೂವತ್ತು ಶೇಕಡಾ ಕುಗ್ಗಿದರೆ ಈ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ವೋಲ್ಟೇಜ್ ಕಡಿಮೆಯಾದರೆ ಅದರ ವರ್ಗದಷ್ಟು ಕುಗ್ಗುತ್ತದೆ.

230 ವೋಲ್ಟ್, ಗಟ್ಟಿ ಕೆಪಾಸಿಟರ್ ಇದ್ದಾಗಿನ ಬಲವನ್ನು 100 ಎಂದಿಟ್ಟುಕೊಳ್ಳಿ. ಬೆಳಿಗ್ಗೆ ನಿಂತಾಗ 228 ಇದ್ದ ವೋಲ್ಟೇಜ್ ಸ್ಟಾರ್ಟಿಂಗಿನಲ್ಲಿ 200ಕ್ಕೆ ಇಳಿಯುತ್ತಿತ್ತು. ಅದರಿಂದ ಬಲ 76. ದುರ್ಬಲ ಕೆಪಾಸಿಟರಿನಿಂದ ಅದರಲ್ಲಿ ಎಪ್ಪತ್ತು ಶೇಕಡಾ, ಅಂದರೆ 53. ಇಷ್ಟಕ್ಕೆ ಶುರುವಾಗುತ್ತಿತ್ತು. ಸಂಜೆ 178 ವೋಲ್ಟಿಗೆ ಬಲ 60, ಅದರ ಎಪ್ಪತ್ತು ಶೇಕಡಾ 42. ಇಷ್ಟಕ್ಕೆ ಆಗುತ್ತಿರಲಿಲ್ಲ. ಅಂದಾಜಿನ ಲೆಕ್ಕ ಇದು, ಆದರೂ ಒಂದು ವಿಷಯ ಸ್ಪಷ್ಟ. ಈ ಯಂತ್ರಕ್ಕೆ ಬೇಕಾದ ಬಲ 42 ಮತ್ತು 53ರ ನಡುವೆ ಎಲ್ಲೋ ಇದೆ. ಹಾಗಿದ್ದರೆ ಇದೇ ಕೆಟ್ಟ 178 ವೋಲ್ಟಿನಲ್ಲೂ ಹೊಸ ಕೆಪಾಸಿಟರ್ 60 ಕೊಡಬೇಕು, ಶುರುವಾಗಬೇಕು. ಇದನ್ನು ಪರೀಕ್ಷಿಸಿಯೇ ನೋಡಬಹುದು, ಅಲ್ವಾ?

ಅದಕ್ಕೂ ಮೊದಲು ಕಂಪ್ರೆಸರಿನ ಮೇಲಿನ ಅನುಮಾನ ತೀರಿಸಬೇಕಿತ್ತು. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಕಂಪ್ರೆಸರಿನ ಮೂರೂ ಪಿನ್ನುಗಳನ್ನು, ಅಂದರೆ ಕಾಮನ್ ಸಿ, ರನ್ ಆರ್, ಸ್ಟಾರ್ಟ್ ಎಸ್, ಬಿಚ್ಚಿ ಅಳೆದೆವು. ಸಿ-ಆರ್ ನಡುವೆ 1.9 ಓಮ್, ಸಿ-ಎಸ್ ನಡುವೆ 2.7, ಆರ್-ಎಸ್ ನಡುವೆ 4.6. ಮೊದಲ ಎರಡನ್ನು ಕೂಡಿದರೆ ಮೂರನೆಯದು ಬರುತ್ತದೆ, ವೈಂಡಿಂಗ್ ಸರಿಯಿದೆ. ಇನ್ಸುಲೇಷನ್ ನೋಡುವ 500 ವೋಲ್ಟ್ ಮೆಗ್ಗರ್ ಹಾಕಿದಾಗ ವೈಂಡಿಂಗಿನಿಂದ ಕಂಪ್ರೆಸರ್ ಮೈಗೆ ಕರೆಂಟ್ ಸೋರಿಕೆಯೂ ಇಲ್ಲ. ಗ್ಯಾಸಿನ ಒತ್ತಡ ನೋಡುವ ಗೇಜ್ ಹಾಕಲೇ ಇಲ್ಲ. ಬೆಳಿಗ್ಗೆ ನಡೆಯುವಾಗ ಒಳಗೆ ಹೋಗುವ ಗಾಳಿಗೂ ಬರುವ ಗಾಳಿಗೂ 13 ಡಿಗ್ರಿ ವ್ಯತ್ಯಾಸವಿತ್ತು. ಗ್ಯಾಸ್ ಕಡಿಮೆ ಇದ್ದರೆ ಇಷ್ಟು ಬರುವುದಿಲ್ಲ. ಅನುಮಾನವಿಲ್ಲದೆ ಗೇಜ್ ಹಾಕಿದಾಗಲೆಲ್ಲ ಒಂದಿಷ್ಟು ಗ್ಯಾಸ್ ಸುಮ್ನೆ ಹೋಗುತ್ತದೆ.

ಒಂದೊಂದಾಗಿ ಬದಲಿಸಿದ್ದು

ಎಲ್ಲವನ್ನೂ ಒಟ್ಟಿಗೆ ಸರಿಮಾಡಿದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ. ಮಾಸ್ತರರಿಗೂ ಇದರಲ್ಲಿ ಆಸಕ್ತಿ ಹುಟ್ಟಿತ್ತು, ಹಾಗಾಗಿ ಅವಸರ ಮಾಡಲಿಲ್ಲ.

ಮೊದಲು ಕಂಡೆನ್ಸರ್ ಕಾಯಿಲ್. ಹಿಂಬದಿಯ ರೆಕ್ಕೆಗಳ ತುಂಬ ಧೂಳು, ಅದರ ಮೇಲೆ ಹತ್ತಿಯ ಎಳೆ, ರೈಸ್ ಮಿಲ್ಲುಗಳಿಂದ ಹಾರಿ ಬಂದ ಹೊಟ್ಟಿನ ಪುಡಿ. ನಮ್ಮ ಕಡೆ ಇದು ಮಾಮೂಲು. ಒಳಗಿನಿಂದ ಹೊರಕ್ಕೆ ನೀರು ಹೊಡೆದು ತೊಳೆದೆವು. ಹೊರಗಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ. ಆ ಸಂಜೆ ವೋಲ್ಟೇಜ್ ಹಿಂದಿನ ದಿನದಷ್ಟೇ ಇತ್ತು. ನಡೆಯುವ ಕರೆಂಟ್ 9.5ರಿಂದ 8.8ಕ್ಕೆ ಇಳಿಯಿತು. ಇಪ್ಪತ್ತು ನಿಮಿಷಕ್ಕೆ ನಿಲ್ಲುವುದು ನಿಂತಿತು. ಆದರೆ ಕೋಣೆ ತಣ್ಣಗಾಗಿ ಬೋರ್ಡು ತಾನೇ ಕಂಪ್ರೆಸರ್ ನಿಲ್ಲಿಸಿ, ಮತ್ತೆ ಹಾಕಿದಾಗ ಅದೇ ಗುಂಯ್, ಅದೇ ಟಕ್. ಅಂದರೆ ನಡೆಯುವಾಗಿನ ಟ್ರಿಪ್‌ಗೆ ಧೂಳು ದೊಡ್ಡ ಕಾರಣವಾಗಿತ್ತು, ಸ್ಟಾರ್ಟಿಂಗಿನದು ಇನ್ನೂ ಉಳಿದಿತ್ತು.

ಆಮೇಲೆ ಹಳೆಯ ಕೆಪಾಸಿಟರ್ ಇದ್ದ ಹಾಗೇ ಇಟ್ಟು, ಅಂಗಡಿಯಿಂದ ತಂದ 4 ಕೆವಿಎ ಸ್ಟೆಬಿಲೈಜರ್ ಹಾಕಿ ನೋಡಿದೆವು. ಸ್ಟಾರ್ಟಿಂಗಿನಲ್ಲಿ 203 ವೋಲ್ಟ್ ಸಿಕ್ಕಿತು. ಯಂತ್ರ ಒಂದೇ ಏಟಿಗೆ ಶುರುವಾಯಿತು. ಮೇಲಿನ ಲೆಕ್ಕದಂತೆ ಬಲ 54 ಆಗುತ್ತದೆ, ಸಾಕು. ಇಂಥ ಕೆಲಸದಲ್ಲಿ ಜನ ದಾರಿ ತಪ್ಪುವುದು ಇಲ್ಲೇ. ಸ್ಟೆಬಿಲೈಜರ್ ಹಾಕಿದ ತಕ್ಷಣ ಸರಿಹೋಯಿತು, ಆದ್ದರಿಂದ ಲೋ ವೋಲ್ಟೇಜೇ ಕಾರಣ ಎಂದು ಬಿಲ್ ಮಾಡಿ ಹೊರಡುತ್ತಾರೆ. 34ಕ್ಕೆ ಇಳಿದ ಕೆಪಾಸಿಟರ್ 30ಕ್ಕೆ ಇಳಿದ ದಿನ ಮತ್ತೆ ಫೋನ್ ಬರುತ್ತದೆ. ಆಗ ಸ್ಟೆಬಿಲೈಜರೂ ಇದೆ, ವೋಲ್ಟೇಜೂ ಇದೆ, ಹಾಗಾದರೆ ಕಂಪ್ರೆಸರೇ ಹೋಗಿದೆ ಎಂಬ ತೀರ್ಪು. ಹತ್ತು ಸಾವಿರದ ಮೇಲಿನ ಖರ್ಚು ಬರುವುದು ಹೀಗೆ.

ಸ್ಟೆಬಿಲೈಜರ್ ತೆಗೆದು, ಹೊಸ 50 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು. ಕೆಲವೇ ನೂರು ರೂಪಾಯಿಯ ಮಾಲು. ನಿಂತಾಗ 205 ವೋಲ್ಟ್ ಇತ್ತು, ಹಿಂದಿನ ಸಂಜೆಗಳಿಗಿಂತ ಒಂದು ವೋಲ್ಟ್ ಕಡಿಮೆಯೇ. ಮೀಟರ್ 178ರ ಹತ್ತಿರ ಒಮ್ಮೆ ಮುಟ್ಟಿ, ಒಂದು ಸೆಕೆಂಡಿನೊಳಗೆ ಮೇಲೆ ಬಂತು. ಗುಂಯ್ ಇಲ್ಲ. ನಡೆಯುವ ಕರೆಂಟ್ 8.8ರಿಂದ 8.3ಕ್ಕೆ ಇಳಿಯಿತು. ಬೇಕೆಂದೇ ನಿಲ್ಲಿಸಿ, ಮೂರು ನಿಮಿಷ ಬಿಟ್ಟು ಮತ್ತೆ ಮತ್ತೆ ಹಾಕಿ ನೋಡಿದೆವು. ಪ್ರತಿ ಸಲವೂ ಎದ್ದಿತು.

ಹೀಗೆ ಮಾಡಿದ್ದರಿಂದ ಮೂರು ಕಾರಣಗಳ ಪಾಲು ಬೇರೆ ಬೇರೆಯಾಗಿ ಕಂಡಿತು. ಸ್ಟಾರ್ಟಿಂಗ್ ನರಳಾಟದ ದೋಷ ಕೆಪಾಸಿಟರಿನದು. ನಡೆಯುವಾಗಿನ ಟ್ರಿಪ್ ಕಾಯಿಲ್ ಧೂಳಿನದು. ಸಂಜೆಯ ವೋಲ್ಟೇಜ್ ಎರಡನ್ನೂ ಬಯಲಿಗೆ ತಂದಿತು, ಅಷ್ಟೇ. ಕೆಪಾಸಿಟರ್ ಗಟ್ಟಿ ಇದ್ದಿದ್ದರೆ ಆ ವೋಲ್ಟೇಜನ್ನು ಯಂತ್ರ ತಡೆದುಕೊಳ್ಳುತ್ತಿತ್ತು.

ಕಂಪ್ರೆಸರ್ ನಿಜವಾಗಿ ಹೋಗಿದ್ದರೆ ಹೇಗಿರುತ್ತಿತ್ತು? ಹೊಸ ಕೆಪಾಸಿಟರ್ ಹಾಕಿ, 220 ವೋಲ್ಟ್ ಕೊಟ್ಟು, ಒತ್ತಡ ಸಮನಾಗಲು ಸಮಯ ಬಿಟ್ಟ ಮೇಲೂ 38, 40 ಆಂಪ್ ಎಳೆದು ನರಳಿದರೆ ಒಳಗೆ ಬಿಗಿದುಕೊಂಡಿದೆ ಎನ್ನಬಹುದು. ಮೆಗ್ಗರಿನಲ್ಲಿ ಸೋರಿಕೆ ತೋರಿದರೆ ಅಥವಾ ಓಮ್ ಲೆಕ್ಕ ಕೂಡದಿದ್ದರೆ ಮಾತೇ ಬೇಡ. ಒಂದು ಎಚ್ಚರ. ಕೆಲವು ಕಂಪ್ರೆಸರ್‌ಗಳಲ್ಲಿ ಓಎಲ್‌ಪಿ ಒಳಗೇ ಇರುತ್ತದೆ. ಅದು ಬಿಟ್ಟಿರುವಾಗ ಸಿ-ಆರ್, ಸಿ-ಎಸ್ ಎರಡೂ ಓಪನ್ ತೋರುತ್ತವೆ, ಆರ್-ಎಸ್ ಮಾತ್ರ ಓಮ್ ತೋರುತ್ತದೆ. ಬಿಸಿಯಲ್ಲಿ ಇದನ್ನು ನೋಡಿ ವೈಂಡಿಂಗ್ ಕಡಿದಿದೆ ಎನ್ನಬಾರದು. ಒಳಗಿನ ಓಎಲ್‌ಪಿ ತಣಿಯಲು ಗಂಟೆಗಟ್ಟಲೆ ಬೇಕಾಗಬಹುದು. ಪೂರ್ತಿ ತಣಿದ ಮೇಲೂ ಓಪನ್ ಇದ್ದರೆ ಆಗ ಸರಿ.

ದೊಡ್ಡ ಕೆಪಾಸಿಟರ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಮಾಸ್ತರರು ಕೇಳಿದರು. 60 ಹಾಕಿದರೆ ಶುರುವಾಗುವುದು ಸಲೀಸು, ನಿಜ. ಆದರೆ ಈ ಕೆಪಾಸಿಟರ್ ಯಂತ್ರ ನಡೆಯುವಷ್ಟು ಹೊತ್ತೂ ಲೈನಿನಲ್ಲೇ ಇರುತ್ತದೆ. ಸ್ಟಾರ್ಟ್ ವೈಂಡಿಂಗಿನ ತೆಳು ತಂತಿಗೆ ಜಾಸ್ತಿ ಕರೆಂಟ್ ಹರಿದು ಅದು ಬಿಸಿಯಾಗುತ್ತಲೇ ಇರುತ್ತದೆ. ಕಂಪನಿ ಬರೆದ ಅಳತೆಯನ್ನೇ ಹಾಕಬೇಕು.

ಇನ್ನು ಉಳಿದದ್ದು ವೋಲ್ಟೇಜ್. ಪಕ್ಕದ ಶಕ್ತಿನಗರದಲ್ಲೇ ದೊಡ್ಡ ಥರ್ಮಲ್ ಸ್ಥಾವರ ಇರುವಾಗ ನಮ್ಮ ಮನೆಗೆ 205 ಯಾಕೆ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಕರೆಂಟ್ ಎಲ್ಲಿ ತಯಾರಾಗುತ್ತದೆ ಎನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೀದಿಯ ಟಿಸಿ ಎಷ್ಟು ದೂರ, ಅದರ ಮೂರು ಫೇಸುಗಳಲ್ಲಿ ನಮ್ಮದರ ಮೇಲೆ ಎಷ್ಟು ಎಸಿ ನಡೆಯುತ್ತಿವೆ ಎನ್ನುವುದೇ ಮುಖ್ಯ. ಮಾಸ್ತರರು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟರು. ಸಂಜೆಯ ಅಳತೆಗಳನ್ನು ಗಂಟೆ ಸಮೇತ ಬರೆದಿಟ್ಟಿದ್ದು ಉಪಯೋಗಕ್ಕೆ ಬಂತು. ಲೈನ್‌ಮನ್ ಕೆಲವು ಮನೆಗಳನ್ನು ಬೇರೆ ಫೇಸಿಗೆ ಹಾಕಿದ ಮೇಲೆ ಸಂಜೆ 214ರ ಆಸುಪಾಸು ಬರತೊಡಗಿತು.

ಆದರೂ ಸ್ಟೆಬಿಲೈಜರ್ ಹಾಕಿಸಿಕೊಳ್ಳಿ ಎಂದೆ. ಹೊಸ ಕೆಪಾಸಿಟರಿಗೂ ಮಿತಿ ಇದೆ. ಸ್ಟಾರ್ಟಿಂಗಿನಲ್ಲಿ ವೋಲ್ಟೇಜ್ 160ಕ್ಕೆ ಇಳಿದರೆ ಬಲ 48 ಆಗುತ್ತದೆ, ಮತ್ತೆ ಅದೇ ಅನುಮಾನದ ಜಾಗಕ್ಕೆ ಬರುತ್ತೇವೆ. ಈಗ ಅವರ ಮನೆಯಲ್ಲಿ 4 ಕೆವಿಎ ಸ್ಟೆಬಿಲೈಜರ್ ಇದೆ, ಮೂರು ನಿಮಿಷದ ಡಿಲೇ ಹಾಕಿದೆ. ಕಾಯಿಲನ್ನು ಹತ್ತಿ ಮತ್ತು ಭತ್ತದ ಸುಗ್ಗಿ ಮುಗಿದ ಮೇಲೊಮ್ಮೆ, ಬೇಸಿಗೆಗೆ ಮುಂಚೆ, ತೊಳೆಸುತ್ತಾರೆ. ಆಗಲೇ ಕೆಪಾಸಿಟರನ್ನೂ ಅಳೆದು ಪೆಟ್ಟಿಗೆಯ ಒಳಬದಿಗೆ ಮಾರ್ಕರಿನಲ್ಲಿ ತಾರೀಕು ಸಮೇತ ಬರೆಯುತ್ತೇವೆ.